ಮಗು ಮಾತ್ರೆ ನುಂಗಿದಾಗ ಅಂಗಡಿಯಲ್ಲಿ ನಿಲ್ಲಬೇಡಿ

ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ವರ್ಷದ ಮಗು ನುಂಗಿದೆ. ನೀವು ಮಗುವನ್ನು ಎತ್ತಿಕೊಂಡು ಮೆಡಿಕಲ್ ಶಾಪಿಗೆ ಓಡಿ, "ವಾಂತಿ ಆಗೋಕೆ ಏನಾದ್ರೂ ಕೊಡಿ" ಅನ್ನುತ್ತೀರಿ. ದಯವಿಟ್ಟು ಅದನ್ನು ಕೇಳಬೇಡಿ. ಗಂಟಲಿಗೆ ಬೆರಳು ಹಾಕುವುದೂ ಬೇಡ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಅಪಾಯ. ಉಪ್ಪುನೀರಂತೂ ಕುಡಿಸಲೇಬೇಡಿ, ಅದೇ ವಿಷವಾಗಬಲ್ಲದು.

ಅಂಗಡಿಯವರಿಂದ ಬೇಕಾದದ್ದು ಒಂದೇ: ಸ್ಟ್ರಿಪ್ ನೋಡಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂದು ಬರೆದುಕೊಡುವುದು. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇದ್ದರೆ ಒಂದೇ ಮಾತ್ರೆಯೂ ಪುಟ್ಟ ಮಗುವಿಗೆ ಅಪಾಯಕಾರಿ. ಹತ್ತರ ಸ್ಟ್ರಿಪ್‌ನಲ್ಲಿ ಆರು ಉಳಿದಿವೆ, ಅಜ್ಜಿ ತೆಗೆದುಕೊಂಡದ್ದು ಎರಡೇ ಎಂದಾದರೆ, ಮಗು ಎರಡು ನುಂಗಿದೆ ಎಂದೇ ಲೆಕ್ಕ ಹಿಡಿಯಿರಿ. ಮಂಚದ ಕೆಳಗೆ ಹುಡುಕುತ್ತಾ ಕೂರಬೇಡಿ. ನುಂಗಿದ ಸಮಯವನ್ನೂ ಬರೆದಿಟ್ಟು, ಸ್ಟ್ರಿಪ್ ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

"ಆಡ್ತಾ ಇದೆಯಲ್ಲ, ಮನೆಗೆ ಹೋಗೋಣ" ಎಂದು ಯಾರೇ ಹೇಳಿದರೂ ಕೇಳಬೇಡಿ, ಅಪ್ಪಾ. ಈ ಮಾತ್ರೆ ರಕ್ತದ ಸಕ್ಕರೆಯನ್ನು ಎಷ್ಟೋ ಗಂಟೆಗಳ ನಂತರ, ರಾತ್ರಿ ನಿದ್ದೆಯಲ್ಲೂ ಇಳಿಸಬಹುದು. ಅದಕ್ಕೇ ವೈದ್ಯರು ಒಂದು ಇಡೀ ದಿನ ಮಗುವನ್ನು ಇಟ್ಟುಕೊಂಡು ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ.

ದಾರಿಯಲ್ಲಿ ಮಗು ಬೆವರಿದರೆ, ನಡುಗಿದರೆ, ವಿನಾಕಾರಣ ಹಟ ಮಾಡಿದರೆ ಸಕ್ಕರೆ ಇಳಿಯುತ್ತಿರಬಹುದು. ಪೂರ್ತಿ ಎಚ್ಚರವಿದ್ದು ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕೊಡಿ, ಆದರೆ ಅದಕ್ಕೆಂದು ಗಾಡಿ ನಿಲ್ಲಿಸಬೇಡಿ. ಮಂಪರು ಬಂದಿದ್ದರೆ ಬಾಯಿಗೆ ಏನನ್ನೂ ಹಾಕದೆ ಮಗ್ಗುಲಾಗಿ ಮಲಗಿಸಿಕೊಳ್ಳಿ. ಆಸ್ಪತ್ರೆಯ ಬಾಗಿಲಲ್ಲೇ "ಸಕ್ಕರೆ ಮಾತ್ರೆ ನುಂಗಿದೆ, ಮೊದಲು ಗ್ಲೂಕೋಸ್ ನೋಡಿ" ಎಂದುಬಿಡಿ.