ತಲೆಕೆಳಗಾದ ಪುಟ

ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಅದರಲ್ಲಿ ಶಾಸನಗಳನ್ನು ತಾಲ್ಲೂಕುಗಳಿಗೆ ಅನುಸಾರವಾಗಿ ಜೋಡಿಸಿ, ಮೂಲಪಾಠವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಲಾಗಿದೆ. ಇಂತಹ ಹಳೆಯ ಪುಸ್ತಕದಲ್ಲಿ ಬೇಕಾದ ಊರಿನ ಹೆಸರನ್ನು ಕ್ಷಣದಲ್ಲಿ ಹುಡುಕಬೇಕಾದರೆ, ಪುಟಗಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರಗಳಲ್ಲಿರುವ ಅಕ್ಷರಗಳನ್ನು ಗಣಕಯಂತ್ರದಿಂದ ಓದಿಸಬೇಕು. ಆದರೆ ಓದಿಸುವ ಮುನ್ನ ಪುಟ ನೆಟ್ಟಗಿದೆಯೇ ಎಂದು ನೋಡುವುದು ಅವಶ್ಯಕ.

ತಲೆಕೆಳಗಾದ ಪುಟವನ್ನು ಕಂಡರೆ ನಾವು ಪುಸ್ತಕವನ್ನೇ ತಿರುಗಿಸಿಕೊಳ್ಳುತ್ತೇವೆ. ಯಂತ್ರವು ತಾನಾಗಿ ಹಾಗೆ ಮಾಡುವುದಿಲ್ಲ. ಅದು ಕಲಿತಿರುವುದು ನೆಟ್ಟಗಿರುವ ಅಕ್ಷರಗಳ ಆಕಾರವನ್ನು ಮಾತ್ರ. ಪುಟ ಮಗುಚಿದ್ದರೂ ‘ಓದಲಾರೆ’ ಎಂದು ಅದು ಹೇಳದೆ, ತಾನು ಕಂಡ ಆಕಾರಕ್ಕೆ ಹತ್ತಿರವಾದ ಯಾವುದೋ ಅಕ್ಷರವನ್ನು ಬರೆದುಬಿಡುತ್ತದೆ. ಹೀಗೆ ಅರ್ಥವಿಲ್ಲದ ಅಕ್ಷರಗಳಿಂದ ಪುಟ ತುಂಬುತ್ತದೆ. ಹುಡುಕುವವನಿಗೆ ಆ ಊರು ಪುಸ್ತಕದಲ್ಲಿ ಇಲ್ಲವೇ ಇಲ್ಲವೆಂದು ತೋರುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ನಾಲ್ಕು ತಾಲ್ಲೂಕುಗಳ ನಾಲ್ಕು ಪುಟಗಳನ್ನು ಸ್ಕ್ಯಾನ್ ಮಾಡಲಾಗಿದೆ. ಹಾಸನದ ಪುಟ ನೆಟ್ಟಗಿದೆ. ಅರಕಲಗೂಡಿನ ಪುಟ ತಲೆಕೆಳಗಾಗಿದೆ. ಹೊಳೆನರಸೀಪುರದ ಪುಟದ ತಲೆ ಎಡಕ್ಕೂ ಚನ್ನರಾಯಪಟ್ಟಣದ ಪುಟದ ತಲೆ ಬಲಕ್ಕೂ ಇವೆ. ಇವುಗಳನ್ನು ಯಂತ್ರವು ಗುರುತಿಸುವುದು ಹೇಗೆ?

ಮೊದಲನೆಯದು ಸಾಲುಗಳ ಪರೀಕ್ಷೆ. ಪುಟವನ್ನು ಅಡ್ಡಲಾಗಿ ತೆಳುವಾದ ಪಟ್ಟಿಗಳಾಗಿ ಸೀಳಿದಂತೆ ಭಾವಿಸಿ, ಪ್ರತಿಯೊಂದು ಪಟ್ಟಿಯಲ್ಲಿರುವ ಕಪ್ಪು ಚುಕ್ಕೆಗಳನ್ನು ಎಣಿಸಬೇಕು. ಸಾಲುಗಳು ಅಡ್ಡಲಾಗಿದ್ದರೆ ಅಕ್ಷರವಿರುವಲ್ಲಿ ಎಣಿಕೆ ಏರುತ್ತದೆ, ಸಾಲುಗಳ ನಡುವಣ ಬಿಳಿಯ ಜಾಗದಲ್ಲಿ ಇಳಿಯುತ್ತದೆ. ಹಾಸನ ಮತ್ತು ಅರಕಲಗೂಡಿನ ಪುಟಗಳಲ್ಲಿ ಈ ಏರಿಳಿತ ಸ್ಪಷ್ಟವಾಗಿ ಕಾಣುವುದು. ಮಿಕ್ಕ ಎರಡು ಪುಟಗಳಲ್ಲಿ ಅದು ಉದ್ದವಾಗಿ ಎಣಿಸಿದಾಗ ಮಾತ್ರ ಕಾಣುವುದು. ಅಡ್ಡ ಮಲಗಿದ ಪುಟಗಳು ಯಾವುವೆಂದು ಇದರಿಂದ ತಿಳಿಯಿತು. ಆದರೆ ನೆಟ್ಟಗಿರುವ ಪುಟಕ್ಕೂ ತಲೆಕೆಳಗಾದ ಪುಟಕ್ಕೂ ಏರಿಳಿತ ಒಂದೇ ಬಗೆಯಾಗಿರುವುದರಿಂದ, ತಲೆ ಯಾವ ಕಡೆಗಿದೆಯೆಂಬುದು ಈ ಪರೀಕ್ಷೆಗೆ ನಿಲುಕದು.

ಅದನ್ನು ಅಕ್ಷರಗಳೇ ಹೇಳಬೇಕು. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಮೇಲಿದೆ, ಒತ್ತಕ್ಷರ ಕೆಳಗಿದೆ. ‘ಪಟ್ಟಣ’ ಎಂಬ ಪದವನ್ನು ಮಗುಚಿ ನೋಡಿದರೆ ಒತ್ತು ಸಾಲಿನ ಮೇಲಕ್ಕೆ ಬರುತ್ತದೆ. ಆದುದರಿಂದ ಯಂತ್ರವು ಅಕ್ಷರಗಳನ್ನು ನಾಲ್ಕು ದಿಕ್ಕುಗಳಲ್ಲಿಯೂ ಓದಲು ಯತ್ನಿಸಿ, ಯಾವ ದಿಕ್ಕಿನಲ್ಲಿ ಹೆಚ್ಚು ಅಕ್ಷರಗಳು ಚೆನ್ನಾಗಿ ಹೊಂದುತ್ತವೆಯೋ ಅದೇ ಸರಿಯೆಂದು ತೀರ್ಮಾನಿಸುತ್ತದೆ. ಒಂದೆರಡು ಅಕ್ಷರಗಳಿಂದ ಇದು ಆಗದು. ಅನುಸ್ವಾರದ ಸೊನ್ನೆಯನ್ನು ಹೇಗೆ ತಿರುಗಿಸಿದರೂ ಅದು ಸೊನ್ನೆಯೇ. ಬರೀ ಶೀರ್ಷಿಕೆಯಿರುವ ಪುಟದಲ್ಲಿ ಯಂತ್ರ ಸೋಲುವುದು ಈ ಕಾರಣದಿಂದಲೇ. ಅಂತಹ ಪುಟವನ್ನು ಕಣ್ಣಿನಿಂದಲೇ ನೋಡಿ ತಿರುಗಿಸಬೇಕು.

ಟೆಸೆರಾಕ್ಟ್ ಎಂಬುದು ಕನ್ನಡವನ್ನೂ ಓದಬಲ್ಲ, ಉಚಿತವಾಗಿ ದೊರೆಯುವ ತಂತ್ರಾಂಶ. ಹೊಳೆನರಸೀಪುರದ ಪುಟಕ್ಕೆ ನೀಡಬೇಕಾದ ಆಜ್ಞೆಗಳು ಇವು:

```
tesseract puta.png - --psm 0
magick puta.png -rotate 90 nera.png
tesseract nera.png - -l kan
```

ಮೊದಲ ಆಜ್ಞೆಯು ದಿಕ್ಕನ್ನು ಮಾತ್ರ ಪರೀಕ್ಷಿಸುತ್ತದೆ. ಉತ್ತರದಲ್ಲಿ `Rotate: 90` ಎಂದಿದ್ದರೆ ಪುಟವನ್ನು ಗಡಿಯಾರದ ಮುಳ್ಳು ಚಲಿಸುವಂತೆ 90 ಡಿಗ್ರಿ ತಿರುಗಿಸಬೇಕೆಂದು ಅರ್ಥ. ಎರಡನೆಯ ಆಜ್ಞೆಯು ತಿರುಗಿಸುತ್ತದೆ, ಮೂರನೆಯದು ಓದುತ್ತದೆ. ಅರಕಲಗೂಡಿನ ಪುಟಕ್ಕೆ 180, ಚನ್ನರಾಯಪಟ್ಟಣದ ಪುಟಕ್ಕೆ 270 ಡಿಗ್ರಿ ಬೇಕಾಗುತ್ತದೆ. `Orientation confidence` ಎಂಬ ಸಾಲಿನ ಸಂಖ್ಯೆ ಸೊನ್ನೆಗೆ ಸಮೀಪವಾಗಿದ್ದರೆ ಆ ತೀರ್ಮಾನವನ್ನು ನಂಬಬಾರದು.

ಪುಟವನ್ನು ಹೀಗೆ ನಿಲ್ಲಿಸಿದ ಬಳಿಕವೂ ಸ್ವಲ್ಪ ಓರೆ ಉಳಿದಿರಬಹುದು. 15 ಸೆಂಟಿಮೀಟರ್ ಉದ್ದದ ಸಾಲು ಒಂದೇ ಡಿಗ್ರಿ ಓರೆಯಾದರೂ ಅದರ ಕೊನೆ ಸುಮಾರು 2.6 ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಸರಿಯುತ್ತದೆ. ಆಗ ಒಂದು ಸಾಲಿನ ಒತ್ತಕ್ಷರವೂ ಮುಂದಿನ ಸಾಲಿನ ತಲೆಕಟ್ಟೂ ಒಂದೇ ಪಟ್ಟಿಯೊಳಗೆ ಬೆರೆಯುತ್ತವೆ. ಆದುದರಿಂದ ಮೊದಲು ದಿಕ್ಕನ್ನೂ ಅನಂತರ ಓರೆಯನ್ನೂ ಸರಿಪಡಿಸಿ, ಕೊನೆಗೆ ಓದಿಸಬೇಕು. ಓದಿಸಿದ ಮೇಲೆ ಪ್ರತಿ ಪುಟದ ಮೊದಲ ಸಾಲನ್ನು ಮೂಲದೊಡನೆ ಹೋಲಿಸಿ ನೋಡಿದರೆ, ಮಗುಚಿ ಉಳಿದ ಪುಟ ಕೂಡಲೇ ಸಿಕ್ಕಿಬೀಳುತ್ತದೆ.

ಅಭ್ಯಾಸ

1. ಸಾಲುಗಳ ಪರೀಕ್ಷೆಯಿಂದ ಏನು ತಿಳಿಯುತ್ತದೆ? ಏನು ತಿಳಿಯುವುದಿಲ್ಲ?
2. ಪುಟದ ತಲೆಯನ್ನು ಗುರುತಿಸಲು ಒತ್ತಕ್ಷರ ಹೇಗೆ ನೆರವಾಗುತ್ತದೆ?
3. ಬರೀ ಶೀರ್ಷಿಕೆಯಿರುವ ಪುಟದ ದಿಕ್ಕನ್ನು ಯಂತ್ರ ಏಕೆ ಗುರುತಿಸಲಾರದು?