ಖಾತೆ ಬದಲಾಗಿದೆಯೇ? ಹಳೆ ನಂಬರಿಗೆ ಫೋನ್ ಮಾಡಿ

ಸರಬರಾಜುದಾರರಿಂದ ‘ಬ್ಯಾಂಕ್ ಖಾತೆ ಬದಲಾಗಿದೆ, ಈ ಬಿಲ್ಲಿನ ಹಣ ಹೊಸದಕ್ಕೇ ಹಾಕಿ’ ಎಂಬ ಮೇಲ್ ಬಂತೇ? ಲೆಟರ್‌ಹೆಡ್, ಸೀಲು ಇದ್ದರೂ ನಂಬಬೇಡಿ. ವಿಳಾಸದಲ್ಲಿ m ಇರಬೇಕಾದಲ್ಲಿ rn ಕೂತಿರಬಹುದು. ಅವರ ಮೇಲ್‌ಬಾಕ್ಸೇ ಕಳ್ಳನ ಕೈಗೆ ಸಿಕ್ಕಿದ್ದರೆ ವಿಳಾಸವೂ ಅಸಲಿಯೇ. ಹಾಗಾಗಿ ಆ ಮೇಲ್‌ಗೇ ಉತ್ತರ ಬರೆದು ವಿಚಾರಿಸುವುದು ದಂಡ. ಹಳೆಯ ಪರ್ಚೇಸ್ ಆರ್ಡರಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಹೊಸ ಖಾತೆ ಸಂಖ್ಯೆ ಅವರ ಬಾಯಿಂದಲೇ ಬರಲಿ. ನೀವು ಓದಿ ಹೇಳಿದರೆ ಅವಸರದಲ್ಲಿ ‘ಹೂಂ’ ಅಂದುಬಿಡುತ್ತಾರೆ. ನೆಫ್ಟ್, ಆರ್‌ಟಿಜಿಎಸ್ ಹಣ ಜಮೆಯಾಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಕಳಿಸುವ ಮುನ್ನ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ ಒಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು, ಅದನ್ನೂ ನೋಡಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ನಿಮ್ಮ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ.