ಗಂಡನ ರಕ್ತವನ್ನೂ ನೋಡಿಸಿರಿ

ಕಲಬುರಗಿ ಕೋಟೆಯ ಆಸುಪಾಸಿನ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತ ನೋಡಿದವನು ನಾನು. ಈಗ ಕಣ್ಣು ಮಂಜಾಗಿದೆ, ಲ್ಯಾಬು ಬಿಟ್ಟಿದ್ದೇನೆ. ಆದರೆ ಮದುವೆಯ ವಯಸ್ಸಿನ ಹುಡುಗ ಹುಡುಗಿಯರನ್ನು ಕಂಡರೆ ಒಂದು ಮಾತು ಹೇಳದೆ ಬಿಡಲಾಗುವುದಿಲ್ಲ.

ಆಗಿನ ಕಾಲಕ್ಕೆ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ, ಬಿಳಚಿದ ರಕ್ತಕಣ ಕಂಡರೆ 'ರಕ್ತ ಕಡಿಮೆ' ಎಂದು ಬರೆದು ಕೈ ತೊಳೆಯುತ್ತಿದ್ದೆವು. ಕಬ್ಬಿಣದ ಗುಳಿಗಿ ಕೊಡುತ್ತಿದ್ದರು. ಕಮಲಾಪುರ ಕಡೆಯ ಒಬ್ಬ ತಾಯಿ ಅಂಥ ಗುಳಿಗಿ ನುಂಗಿಯೇ ಬಸುರಿನ ದಿನಗಳನ್ನು ಕಳೆದಳು. ಹುಟ್ಟಿದ ಕೂಸು ಮೊದಮೊದಲು ಚೆನ್ನಾಗಿಯೇ ಇತ್ತು. ಹೊಟ್ಟೆಯೊಳಗಿನಿಂದ ತಂದ ಹಿಮೋಗ್ಲೋಬಿನ್ ಕೆಲವು ತಿಂಗಳು ಕಾಯುತ್ತದಲ್ಲ! ಅದು ಇಳಿದಂತೆ ಕೂಸು ಬಿಳಿಚಿತು, ಗುಲ್ಮ ಬೆಳೆದು ಹೊಟ್ಟೆ ಉಬ್ಬಿತು. ಶರಣಬಸವೇಶ್ವರ ಗುಡಿಗೂ ಹೋದರು, ಬಂದೇನವಾಜ್ ದರ್ಗಾಕ್ಕೂ ಹೋದರು. ಥಲಸ್ಸೇಮಿಯಾ ಮೇಜರ್ ಎಂದು ಗೊತ್ತಾಗುವ ಹೊತ್ತಿಗೆ ವರ್ಷ ದಾಟಿತ್ತು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸುವುದು, ಏರಿದ ರಕ್ತದ ಕಬ್ಬಿಣ ಎದೆ, ಪಿತ್ತಜನಕಾಂಗ ಸೇರದಂತೆ ದಿನಾ ಔಷಧಿ. ತಾಯಿತಂದೆ ಇಬ್ಬರೂ ನೋಡಲು ಗಟ್ಟಿಮುಟ್ಟು. ಇಬ್ಬರೂ ಈ ದೋಷದ ವಾಹಕರಾಗಿದ್ದರು, ಅಷ್ಟೆ.

ಈಗ ನಿಮ್ಮ ಕಾಲ ಬೇರೆ. ಎಲ್ಲ ಕಡೆ ಮಾಡುವ ಸಿಬಿಸಿ ಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ. ಆದರೆ ಎಲ್ಲರೂ ಹಿಮೋಗ್ಲೋಬಿನ್ ಸಾಲು ಓದಿ ಹಾಳೆ ಮಡಚಿಬಿಡುತ್ತಾರೆ. ನನ್ನ ಕೊನೆಯ ವರ್ಷಗಳಲ್ಲಿ ಬಂದ ಒಬ್ಬ ಸೊಸೆಯ ಹಾಳೆ ನೆನಪಿದೆ. ಬಸುರಿಗೆ ಒಂಬತ್ತನೆಯ ವಾರ. ಹಿಮೋಗ್ಲೋಬಿನ್ 9.9. ಎಂಸಿವಿ, ಅಂದರೆ ರಕ್ತಕಣದ ಗಾತ್ರ, 62. ಅದು 80ಕ್ಕಿಂತ ಮೇಲಿರಬೇಕು. ಆದರೆ ಕೆಂಪುಕಣಗಳ ಎಣಿಕೆ 52 ಲಕ್ಷ! ಕಬ್ಬಿಣ ಕೊರತೆಯಾದರೆ ಕಣ ಸಣ್ಣವೂ ಆಗುತ್ತವೆ, ಸಾಮಾನ್ಯವಾಗಿ ಎಣಿಕೆಯೂ ಇಳಿಯುತ್ತದೆ. ಕಣ ಸಣ್ಣವಾಗಿದ್ದೂ ಎಣಿಕೆ ಇಳಿಯದಿದ್ದರೆ ಥಲಸ್ಸೇಮಿಯಾದ ಅನುಮಾನ ಪಡಬೇಕು. ಎಚ್‌ಪಿಎಲ್‌ಸಿ ಮಾಡಿಸಿದೆವು. ಹಿಮೋಗ್ಲೋಬಿನ್ ಎ2 ಶೇ. 5.4 ಬಂತು. 4 ದಾಟಿದರೆ ವಾಹಕಿ ಎಂದೇ ಲೆಕ್ಕ. ಮೂರೂವರೆಯಿಂದ ನಾಲ್ಕರ ನಡುವೆ ಬಂದರೆ ಅವಸರದ ತೀರ್ಮಾನ ಬೇಡ. ಕಬ್ಬಿಣ ತೀರಾ ಕಡಿಮೆಯಿದ್ದರೆ ಎ2 ಇಳಿದು ಮೋಸ ಮಾಡುತ್ತದೆ. ಇತ್ತೀಚೆಗೆ ರಕ್ತ ಏರಿಸಿಕೊಂಡಿದ್ದರೂ ರಿಪೋರ್ಟು ಕೆಡುತ್ತದೆ, ಅದನ್ನು ಮುಚ್ಚಿಡಬೇಡಿರಿ.

'ನಿನ್ನ ಗಂಡನನ್ನೂ ಕರಕೊಂಡು ಬಾ ತಂಗಿ' ಅಂದೆ. ಅತ್ತೆಗೆ ಸಿಟ್ಟು: 'ನನ್ನ ಮಗಗ ಏನಾಗ್ಯಾದ್ರೀ? ಎರಡು ಚೀಲ ಹೊರ್ತಾನ.' ವಾಹಕರು ಮೂರು ಚೀಲವೂ ಹೊರುತ್ತಾರೆ. ಕೊನೆಗೆ ಹುಡುಗ ಬಂದ. ಹಿಮೋಗ್ಲೋಬಿನ್ 13.1, ಎ2 5.2. ಅವನೂ ವಾಹಕನೇ. ಅವಳು ಅವನ ಅಕ್ಕನ ಮಗಳು. ಒಂದೇ ಮನೆತನದ ರಕ್ತ ಕೂಡಿದಲ್ಲಿ ಇಂಥದ್ದು ಹೆಚ್ಚು, ಆದರೆ ಹೊರಗಿನ ಸಂಬಂಧವೆಂದು ಪರೀಕ್ಷೆ ಬಿಡುವುದೂ ತಪ್ಪು.

ಆಪ್ತಸಮಾಲೋಚಕಿ ಅವರಿಬ್ಬರನ್ನೂ ಕೂರಿಸಿಕೊಂಡು ಮೊದಲು ಕೇಳಿದ್ದು, ಏನು ಅರ್ಥವಾಗಿದೆ ಎಂದು. 'ಕೂಸಿಗೆ ಕಾಯಿಲೆ ಬರೋದು ನಾಲ್ಕರಲ್ಲಿ ಒಂದು ಅಂದ್ರ, ನಾಲ್ಕನೇದಕ್ಕ ಬರತದೇನು?' ಎಂದ ಹುಡುಗ. ಇದು ಎಲ್ಲರೂ ಎಡವುವ ಜಾಗ. ಅವಳು ಎರಡು ನಾಣ್ಯ ಚಿಮ್ಮಿಸಿ ತೋರಿಸಿದಳು. ಎರಡೂ ಮುಖ ಬಿದ್ದರೆ ಕಾಯಿಲೆ. ಒಂದು ಮುಖ, ಒಂದು ಹಿಮ್ಮುಖ ಬಿದ್ದರೆ ನಿಮ್ಮಂತೆ ವಾಹಕ. ಎರಡೂ ಹಿಮ್ಮುಖವಾದರೆ ಏನೂ ಇಲ್ಲ. ಪ್ರತಿ ಬಸುರಿನಲ್ಲೂ ಹೊಸದಾಗಿ ಚಿಮ್ಮಬೇಕು. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ತೆಗೆಸು, ಇಟ್ಟುಕೋ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಒಳ್ಳೆಯ ಸಮಾಲೋಚನೆ ಹಾಗೆಯೇ: ದಾರಿ ತೋರಿಸಿ, ನಿರ್ಧಾರ ಅವರದೇ ಎಂದು ಬಿಡುವುದು.

ಮೊದಲು ಇಬ್ಬರ ಜೀನಿನಲ್ಲಿ ಯಾವ ದೋಷವಿದೆಯೆಂದು ಹುಡುಕಿದರು. ಆಮೇಲೆ ಹದಿಮೂರನೆಯ ವಾರದಲ್ಲಿ ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಿಂದ ಗರ್ಭ ಇಳಿಯುವ ಅಪಾಯ ಸ್ವಲ್ಪ ಇದ್ದೇ ಇದೆ, ಅದನ್ನೂ ಮೊದಲೇ ಹೇಳಿದ್ದರು. ಕೂಸು ಬರೀ ವಾಹಕ ಎಂದು ಬಂತು. ಅದೇ ಆ ಸೊಸೆ ಐದನೆಯ ತಿಂಗಳಿಗೆ ಬಂದಿದ್ದರೆ? ರಿಪೋರ್ಟಿಗೆ ದಿನ ಬೇಕು, ಯೋಚಿಸಲು ದಿನ ಬೇಕು, ಕಾನೂನೂ ವಾರ ಎಣಿಸುತ್ತದೆ: ವೈದ್ಯಕೀಯ ಮಂಡಳಿಯ ಮುಂದೆ ಹೋಗದೆ ತೀರ್ಮಾನವಾಗುವುದು 24 ವಾರದ ತನಕ ಮಾತ್ರ.

ಹುಡುಗರೇ, ಕನ್ಯಾ ನೋಡಲು ಹೋಗುವ ಮುಂಚೆಯೇ ನಿಮ್ಮದನ್ನು ತಿಳಿದುಕೊಂಡಿರಿ. ವಾಹಕ ಎಂದರೆ ಕಾಯಿಲೆಯವನಲ್ಲ, ಮದುವೆಗೆ ಅಡ್ಡಿಯೂ ಅಲ್ಲ. ಜೊತೆಗಿರುವವಳು ವಾಹಕಿಯಲ್ಲದಿದ್ದರೆ ಮಕ್ಕಳಿಗೆ ಈ ಮೇಜರ್ ಕಾಯಿಲೆ ಬರದು. ಇಬ್ಬರೂ ವಾಹಕರೆಂದು ಗೊತ್ತಾದರೂ ಕೂತು ಮಾತಾಡಲು ಆಗ ಸಮಯವಿರುತ್ತದೆ. ಹೆಣ್ಣಿನ ರಿಪೋರ್ಟು ಮಾತ್ರ ಕೇಳಿ ಸಂಬಂಧ ಮುರಿಯುವ ಬೀಗರನ್ನು ಕಂಡಿದ್ದೇನೆ. ಅಂಥವರ ಜೊತೆ ನೀವು ನಿಲ್ಲಬೇಡಿರಿ.

ಮದುವೆ ಆಗಿ, ದಿನ ತುಂಬುವ ಲೆಕ್ಕ ಶುರುವಾಗಿದ್ದರೆ, ತಂಗೀ, ಮೊದಲ ತಪಾಸಣೆಗೇ ಗಂಡನನ್ನೂ ಕರಕೊಂಡು ಹೋಗು. ಉಪವಾಸ ಇರಬೇಕಿಲ್ಲ, ಈ ಪರೀಕ್ಷೆಗೆ ಇಬ್ಬರೂ ಉಂಡೇ ಹೋಗಬಹುದು.